ಕರೆಯೋಲೆಯ ದನಿ

ಮದುವೆಯ ವಿಡಿಯೊ ಆಮಂತ್ರಣವೆಂದರೆ ಒಂದೂವರೆ ನಿಮಿಷದೊಳಗೆ ಮುಗಿಯುವ, ಒಬ್ಬರ ಮೊಬೈಲಿನಿಂದ ಇನ್ನೊಬ್ಬರ ಮೊಬೈಲಿಗೆ ಸಾಗುವ, ಚಿತ್ರ, ವಾದ್ಯ ಮತ್ತು ಮಾತು ಕೂಡಿದ ಕರೆಯೋಲೆ. ಅದರ ಚಿತ್ರಗಳನ್ನು ಜೋಡಿಸುವ ಕೆಲಸ ಸ್ಟುಡಿಯೊದವರದು. ಆದರೆ ಅದರಲ್ಲಿ ಯಾರು ಮಾತನಾಡಬೇಕು, ಯಾವ ಮಾತು ಕಿವಿಗೆ ಬೀಳಬೇಕು, ಯಾವುದು ತೆರೆಯ ಮೇಲೆ ಅಕ್ಷರವಾಗಿ ನಿಲ್ಲಬೇಕು ಎಂಬುದನ್ನು ನಿರ್ಧರಿಸುವ ಒಂದು ಪುಟದ ಬರಹವನ್ನು, ಅಂದರೆ ಸ್ಕ್ರಿಪ್ಟನ್ನು, ಬಹುಪಾಲು ಮನೆಯವರೇ ಕೊಡಬೇಕಾಗುತ್ತದೆ. ಅಚ್ಚಿನ ಲಗ್ನಪತ್ರಿಕೆಗಾದರೆ ಮುದ್ರಣಾಲಯದ ಮೇಜಿನ ಮೇಲೆ ಮಾದರಿಗಳ ದಪ್ಪ ಆಲ್ಬಮ್ ಇರುತ್ತದೆ, ಅದರಲ್ಲಿ ಒಂದನ್ನು ತೋರಿಸಿ ಹೆಸರು ಬದಲಿಸಿದರೆ ಕೆಲಸ ಮುಗಿಯುತ್ತದೆ. ವಿಡಿಯೊಗೆ ಅಂಥ ಒಪ್ಪಿತ ಮಾದರಿ ಇನ್ನೂ ರೂಪುಗೊಂಡಿಲ್ಲದ ಕಾರಣ ಅನೇಕರು ಅಚ್ಚಿನ ಪತ್ರಿಕೆಯ ಪಠ್ಯವನ್ನೇ ಗಟ್ಟಿಯಾಗಿ ಓದಿಸಿ ಅದರ ಹಿಂದೆ ನಾದಸ್ವರ ಸೇರಿಸುತ್ತಾರೆ, ಮತ್ತು ತೊಂದರೆ ಅಲ್ಲಿಂದಲೇ ಆರಂಭವಾಗುತ್ತದೆ.

ಕನ್ನಡದ ಸಾಂಪ್ರದಾಯಿಕ ಲಗ್ನಪತ್ರಿಕೆಯ ಮುಖ್ಯ ಭಾಗ ವ್ಯಾಕರಣದ ದೃಷ್ಟಿಯಿಂದ ಒಂದೇ ವಾಕ್ಯ. ಶಾಲಿವಾಹನ ಶಕದಿಂದ ಹೊರಟು, ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರಗಳನ್ನು ಹಾದು, ಇಷ್ಟು ಗಂಟೆಗೆ ಸಲ್ಲುವ ಇಂಥ ಲಗ್ನದಲ್ಲಿ ಇಂಥವರ ಮಗನಿಗೂ ಇಂಥವರ ಮಗಳಿಗೂ ಗುರುಹಿರಿಯರು ನಿಶ್ಚಯಿಸಿದಂತೆ ನಡೆಯುವ ವಿವಾಹಕ್ಕೆ ತಾವು ಸಕುಟುಂಬ ಪರಿವಾರ ಸಮೇತರಾಗಿ ಬಂದು ವಧೂವರರನ್ನು ಆಶೀರ್ವದಿಸಬೇಕು ಎಂಬಲ್ಲಿಗೆ ಅದು ಮುಟ್ಟುತ್ತದೆ. ಕ್ರಿಯಾಪದ ಕಟ್ಟಕಡೆಯಲ್ಲಿ ಬರುವುದು ಕನ್ನಡದ ಜಾಯಮಾನ. ಕಾಗದದ ಮೇಲೆ ಅದು ಶೋಭಿಸುತ್ತದೆ, ಏಕೆಂದರೆ ಕಣ್ಣು ಬೇಕಾದಾಗ ಮೇಲಿನ ಸಾಲಿಗೆ ಮರಳಬಲ್ಲದು ಮತ್ತು ಪತ್ರಿಕೆ ಮದುವೆಯ ದಿನದವರೆಗೂ ದೇವರ ಗೂಡಿನಲ್ಲೋ ಕನ್ನಡಿಯ ಚೌಕಟ್ಟಿನಲ್ಲೋ ಸಿಕ್ಕಿಸಿಕೊಂಡು ಕಣ್ಣೆದುರಿಗೇ ಇರುತ್ತದೆ. ಕಿವಿಗೆ ಆ ಅನುಕೂಲವಿಲ್ಲ. ಆ ವಾಕ್ಯವನ್ನು ಒಬ್ಬರು ಸಾವಕಾಶವಾಗಿ ಓದುತ್ತಾ ‘ಆಶೀರ್ವದಿಸಬೇಕು’ ಎಂಬಲ್ಲಿಗೆ ಬರುವ ಹೊತ್ತಿಗೆ ಕೇಳುವವರಿಗೆ ತಾರೀಖು ಮರೆತಿರುತ್ತದೆ. ಆದ್ದರಿಂದ ಸ್ಕ್ರಿಪ್ಟಿನ ಮೊದಲ ಕೆಲಸ ಈ ಒಂದು ವಾಕ್ಯವನ್ನು ಬಿಡಿಸುವುದು, ಬಿಡಿಸಿದ ಪ್ರತಿ ತುಣುಕೂ ಯಾರ ಬಾಯಲ್ಲಿ ಬಂದರೆ ಸಹಜವೆಂದು ತೀರ್ಮಾನಿಸುವುದು.

ಬಿಡಿಸಿ ನೋಡಿದರೆ ಅದರೊಳಗೆ ಬೇರೆ ಬೇರೆ ದನಿಗಳಿರುವುದು ತಿಳಿಯುತ್ತದೆ. ಹರಸುವ ಮಾತು ಹಿರಿಯರದು, ದಿನ ಹೇಳುವ ಮಾತು ಪುರೋಹಿತರದು, ವಿಡಿಯೊ ಬಂದ ಮೇಲೆ ಹೊಸದಾಗಿ ಸೇರಿಕೊಂಡ ತಮಾಷೆಯ ಕಥೆ ಗೆಳೆಯರದು ಮತ್ತು ಜೋಡಿಯದು. ಅಚ್ಚಿನ ಪತ್ರಿಕೆಯಲ್ಲಿ ವಧೂವರರು ಮಾತನಾಡುವುದೇ ಇಲ್ಲ, ಅವರ ವಿಷಯವನ್ನು ಮನೆಯವರು ಹೇಳುತ್ತಾರೆ. ವಿಡಿಯೊದಲ್ಲಾದರೋ ಮೊದಲಿನಿಂದ ಕೊನೆಯವರೆಗೂ ಜೋಡಿಯೇ ಮಾತನಾಡಿ, ‘ನಮ್ಮ ಮದುವೆಗೆ ಬನ್ನಿ’ ಎಂದು ಮುಗಿಸುವ ರೂಢಿ ಹೆಚ್ಚುತ್ತಿದೆ. ಗೆಳೆಯರ ಬಳಗಕ್ಕೆ ಅದು ಒಪ್ಪುತ್ತದೆ. ಆದರೆ ಅದೇ ವಿಡಿಯೊ ವಧುವಿನ ತಾಯಿಯ ಸೋದರಮಾವನಿಗೆ ತಲುಪಿದಾಗ ‘ಹುಡುಗರು ಕರೆದರು, ಮನೆಯವರು ಕರೆಯಲಿಲ್ಲ’ ಎಂಬ ನೋವು ಉಳಿಯುತ್ತದೆ, ಮತ್ತು ಆ ನೋವು ನ್ಯಾಯವಾದದ್ದೇ. ಅರಿಶಿನ ಕುಂಕುಮ ಹಿಡಿದು ಹೊಸ್ತಿಲಿಗೆ ಬಂದು ಕರೆಯುವ ನಾಡಿನಲ್ಲಿ ಕರೆಯುವವರು ಯಾರು ಎಂಬುದು ಕರೆಯ ಅರ್ಧಭಾಗ. ಕಥೆ ಜೋಡಿಯದಾಗಿರಲಿ, ಕರೆ ಮಾತ್ರ ಮನೆಯದಾಗಿರಬೇಕು ಎಂಬ ಒಂದು ಗೆರೆಯನ್ನು ಹಿಡಿದುಕೊಂಡರೆ ಸ್ಕ್ರಿಪ್ಟಿನ ಉಳಿದ ತೊಡಕುಗಳು ಬಹುಮಟ್ಟಿಗೆ ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ವಿವರಣೆಗಾಗಿ ಒಂದು ಮದುವೆಯನ್ನು ಕಲ್ಪಿಸಿಕೊಳ್ಳಬಹುದು. ವಧು ಶಿರಸಿಯವಳು, ವರ ತಿಪಟೂರಿನವನು, ಇಬ್ಬರಿಗೂ ಉದ್ಯೋಗ ಬೆಂಗಳೂರಿನಲ್ಲಿ. ಧಾರೆ 2026ರ ಏಪ್ರಿಲ್ 26ರ ಭಾನುವಾರ ಶಿರಸಿಯಲ್ಲಿ, ಆರತಕ್ಷತೆ 29ರ ಬುಧವಾರ ತಿಪಟೂರಿನಲ್ಲಿ. ಧಾರೆಯೆಂದರೆ ಕನ್ಯಾದಾನದಲ್ಲಿ ಎರೆಯುವ ನೀರಿನ ಧಾರೆ, ಆ ಕ್ಷಣಕ್ಕಾಗಿಯೇ ಮುಹೂರ್ತವನ್ನು ಇಡುವುದು. ಆರತಿ ಮತ್ತು ಅಕ್ಷತೆ ಎಂಬ ಎರಡು ಪದಗಳು ಲೋಪಸಂಧಿಯಲ್ಲಿ ಕೂಡಿ ಆದದ್ದು ಆರತಕ್ಷತೆ, ಈಗ ರಿಸೆಪ್ಷನ್ ಎಂದು ಕರೆಯುವ ಸಮಾರಂಭಕ್ಕೆ ಆ ಹೆಸರು ನೆಲೆಗೊಂಡಿದೆ. ಆ ವರ್ಷ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ ಮಾಸ ಬರುವುದರಿಂದ, ಅಧಿಕ ಮಾಸದಲ್ಲಿ ಮದುವೆ ಮಾಡದ ಸಂಪ್ರದಾಯದ ಮನೆಗಳೆಲ್ಲ ವೈಶಾಖದ ದಿನಗಳಿಗೇ ಒತ್ತಾಗಿ ಸೇರುತ್ತವೆ, ಹಾಗಾಗಿ ಕಲ್ಯಾಣಮಂಟಪದಂತೆ ವಿಡಿಯೊ ಮಾಡುವವರೂ ಮೊದಲೇ ತುಂಬಿಹೋಗುತ್ತಾರೆ. ಅವಸರದಲ್ಲಿ ಬರೆದ ಸ್ಕ್ರಿಪ್ಟು ಉದ್ದವಾಗುತ್ತದೆ. ಚಿಕ್ಕದಾಗಿ ಬರೆಯಲು ಹೆಚ್ಚು ದಿನ ಬೇಕು.

ಉದ್ದದ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು. ಕನ್ನಡದ ಪದಗಳು ಪ್ರತ್ಯಯಗಳನ್ನು ಹೊತ್ತು ಉದ್ದವಾಗಿರುವುದರಿಂದ ಹಿತವಾದ ಗತಿಯಲ್ಲಿ ಓದಿದರೆ ನಿಮಿಷಕ್ಕೆ ಸುಮಾರು ತೊಂಬತ್ತರಿಂದ ನೂರು ಪದಗಳು ಹಿಡಿಸುತ್ತವೆ, ವಾದ್ಯಕ್ಕೂ ಮೌನಕ್ಕೂ ಸ್ಥಳ ಬಿಟ್ಟರೆ ಇನ್ನೂ ಕಡಿಮೆ. ಈ ಮದುವೆಯ ವಿಡಿಯೊಗೆ ಒಟ್ಟು 85 ಸೆಕೆಂಡು ಎಂದಿಟ್ಟುಕೊಂಡರೆ ದೇವರ ಸ್ಮರಣೆಗೆ 6, ಹಿರಿಯರ ಮಾತಿಗೆ 10, ಕಥೆಗೆ 30, ಹೆಸರುಗಳಿಗೆ 14, ದಿನ ಮತ್ತು ಸ್ಥಳಕ್ಕೆ 18, ಕೊನೆಯ ಕರೆಗೆ 7 ಸೆಕೆಂಡು ಬರುತ್ತದೆ, ಆಡುವ ಮಾತು ಒಟ್ಟಿಗೆ ನೂರು ಪದದ ಆಸುಪಾಸಿನಲ್ಲಿ ನಿಲ್ಲಬೇಕಾಗುತ್ತದೆ. ಕಥೆಗೆ ಅತಿ ಹೆಚ್ಚು ಸಮಯ ಸಿಕ್ಕಿದೆಯೆಂದು ತೋರಬಹುದು, ಆದರೆ ವಿಡಿಯೊವನ್ನು ಕೊನೆಯವರೆಗೆ ನೋಡಿಸುವುದು ಕಥೆಯೇ. ದಿನಾಂಕವು ಕಥೆಯ ಬೆನ್ನಿಗೆ ಬಂದರೆ ಮಾತ್ರ ಅದನ್ನು ನೋಡುವವರಿರುತ್ತಾರೆ.

ಆರಂಭದ ಆರು ಸೆಕೆಂಡು ಮಾತಿಲ್ಲದೆ ಇರುವುದೇ ಲೇಸು. ಕತ್ತಲೆಯಲ್ಲಿ ಒಂದು ದೀಪ, ‘ಶ್ರೀ ಗಣೇಶಾಯ ನಮಃ’ ಎಂಬ ಬರಹ, ಕೆಳಗೆ ಎರಡೂ ಮನೆಯ ಕುಲದೇವರ ಹೆಸರಿನ ಜೊತೆ ‘ಪ್ರಸನ್ನ’ ಎಂಬ ಪದ ಬಂದರೆ ಪತ್ರಿಕೆಯ ನೆತ್ತಿಯ ಸಾಲು ಹಾಗೆಯೇ ಇಲ್ಲಿಗೆ ಬಂದಂತಾಗುತ್ತದೆ. ಎರಡು ಕುಲದೇವರ ಹೆಸರುಗಳು ಒಂದೇ ಸಾಲಿನಲ್ಲಿ ಎಡಬಲಕ್ಕೆ ಇರಬೇಕು, ಒಂದರ ಕೆಳಗೆ ಒಂದು ಬಂದರೆ ಮೇಲುಕೀಳಿನ ಪ್ರಶ್ನೆ ಏಳುತ್ತದೆ. ಗತಿಸಿದ ಹಿರಿಯರ ಭಾವಚಿತ್ರವನ್ನು ತೋರಿಸುವುದಿದ್ದರೆ ಅದರ ಜಾಗವೂ ಇದೇ. ಹಾರ ಹಾಕಿದ ಅಜ್ಜನ ಚಿತ್ರವನ್ನು ತಮಾಷೆಯ ಕಥೆಯ ನಡುವೆ ತಂದು ತೂರಿಸಿದರೆ ಕಥೆಯೂ ಕೆಡುತ್ತದೆ, ಅಜ್ಜನ ನೆನಪಿಗೆ ಸಲ್ಲಬೇಕಾದ ಗೌರವವೂ ಸಲ್ಲುವುದಿಲ್ಲ.

ಬಳಿಕ ಬರುವ ಹತ್ತು ಸೆಕೆಂಡಿನ ಹಿರಿಯರ ಮಾತು ಇಡೀ ವಿಡಿಯೊದ ಜೀವ, ಮತ್ತು ಅದನ್ನು ಯಾರೂ ಬರೆದುಕೊಡಬಾರದು. ಅಜ್ಜಿಯ ಕೈಗೆ ಕಾಗದ ಕೊಟ್ಟು ‘ಈ ಶುಭ ಸಂದರ್ಭದಲ್ಲಿ ತಮ್ಮೆಲ್ಲರಿಗೂ ಆದರದ ಸ್ವಾಗತ’ ಎಂದು ಓದಿಸಿದರೆ ಆ ದನಿ ಸಭೆಯ ನಿರೂಪಕರದಾಗಿಬಿಡುತ್ತದೆ. ಅವರನ್ನು ಹಜಾರದಲ್ಲಿ ಅಭ್ಯಾಸದ ಜಾಗದಲ್ಲೇ ಕೂರಿಸಿ, ಫ್ಯಾನು ನಿಲ್ಲಿಸಿ, ಅಡುಗೆಮನೆಯ ಕುಕ್ಕರಿನ ಸೀಟಿ ಮುಗಿಯುವವರೆಗೆ ಕಾದು, ಮೊಬೈಲನ್ನು ಒಂದು ಮೊಳ ದೂರದಲ್ಲಿಟ್ಟು, ‘ನೆಂಟರನ್ನು ಹೇಗೆ ಕರೆಯುತ್ತೀರಿ?’ ಎಂದು ಕೇಳಿದರೆ ಸಾಕು. ಎರಡು ಮೂರು ಸಲ ಆಡಿದ ಮಾತಿನಲ್ಲಿ ಒಂದು ತಾನಾಗಿ ಒದಗುತ್ತದೆ. ಶಿರಸಿಯ ಅಜ್ಜಿ ‘ನಮ್ಮನೆ ಕೂಸಿನ ಮದುವೆ, ಎಲ್ಲರೂ ಬಂದು ನಾಲ್ಕು ಕಾಳು ಅಕ್ಷತೆ ಹಾಕಿ ಹೋಗಿ’ ಎನ್ನಬಹುದು, ಅಲ್ಲಿ ಕೂಸು ಎಂದರೆ ಮನೆಯ ಮಗಳು. ತಿಪಟೂರಿನ ಅಜ್ಜ ‘ನಮ್ಮ ಹುಡುಗನ ಮದುವೆ ಕಣ್ರಪ್ಪ, ಬರದೆ ಇರಬೇಡಿ’ ಎನ್ನಬಹುದು. ಎರಡು ಸೀಮೆಯ ಎರಡು ಕನ್ನಡ ಹೀಗೆ ಪಕ್ಕಪಕ್ಕದಲ್ಲಿ ಕೇಳಿದಾಗ ಎರಡು ಮನೆಗಳು ಕೂಡುತ್ತಿರುವುದು ಬೇರೆ ವಿವರಣೆಯಿಲ್ಲದೆ ತಿಳಿಯುತ್ತದೆ. ಆ ನುಡಿಯನ್ನು ತಿದ್ದಿ ಶಿಷ್ಟಗೊಳಿಸುವುದು ದೊಡ್ಡ ತಪ್ಪು.

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಬೇಕಾಗಿದೆ. ಕೆಲವು ಮನೆಗಳಲ್ಲಿ ಪತಿಯನ್ನು ಕಳೆದುಕೊಂಡ ಅಜ್ಜಿಯನ್ನು ಮದುವೆಯ ಕರೆಗೆ ಮುಂದೆ ತರಲು ಹಿಂಜರಿಯುತ್ತಾರೆ, ಅಚ್ಚಿನ ಪತ್ರಿಕೆಯಲ್ಲಿ ‘ಸುಖಾಗಮನ ಬಯಸುವವರು’ ಎಂಬ ಪಟ್ಟಿಯಿಂದಲೂ ಅವರ ಹೆಸರು ಜಾರಿಹೋಗುವುದುಂಟು. ಮೊಮ್ಮಗಳನ್ನು ಎತ್ತಿ ಬೆಳೆಸಿದ ಜೀವ ಹರಸಲು ಯಾವ ಅರ್ಹತೆಯೂ ಬೇಕಿಲ್ಲ. ವಿಡಿಯೊದಲ್ಲಿ ಆ ದನಿ ಕೇಳಲೇಬೇಕು, ಮುಂದೊಂದು ದಿನ ಮನೆಯಲ್ಲಿ ಉಳಿಯುವ ಆ ದನಿಯ ಏಕೈಕ ದಾಖಲೆ ಅದೇ ಆಗಿರಬಹುದು.

ಇನ್ನು ಕಥೆ. ತಮಾಷೆಯ ಕಥೆಯೆಂದರೆ ಸಿನಿಮಾದ ಪ್ರೇಮ ಪ್ರಸಂಗದ ಅನುಕರಣೆ ಎಂದು ತಿಳಿದು, ಹಾಡು ಹಾಕಿ ಮರದ ಸುತ್ತ ಸುತ್ತಿಸುವ ಸ್ಕ್ರಿಪ್ಟುಗಳು ಬಹಳ. ಅವುಗಳ ಮೊದಲ ತೊಡಕು ಕಾನೂನಿನದು, ಏಕೆಂದರೆ ಹಕ್ಕುಳ್ಳ ಚಿತ್ರಗೀತೆ ಬಳಸಿದ ವಿಡಿಯೊವನ್ನು ಯೂಟ್ಯೂಬಿಗೋ ಇನ್‌ಸ್ಟಾಗ್ರಾಮಿಗೋ ಹಾಕಿದಾಗ ಅದರ ದನಿ ಮುಚ್ಚಿಹೋಗುವ ಸಂಭವವಿದೆ. ಅದಕ್ಕಿಂತ ದೊಡ್ಡ ತೊಡಕೆಂದರೆ ಆ ಕಥೆ ಯಾರ ಮದುವೆಗೆ ಬೇಕಾದರೂ ಹೊಂದುತ್ತದೆ. ಒಳ್ಳೆಯ ಕಥೆಗೆ ಬೇಕಾದದ್ದು ಈ ಇಬ್ಬರಿಗೆ ಮಾತ್ರ ಸಲ್ಲುವ ಒಂದೇ ಒಂದು ಸಂಗತಿ, ಮತ್ತು ಅದನ್ನು ಎರಡೂ ಊರಿನ ಹಿರಿಯರು ಮುಜುಗರವಿಲ್ಲದೆ ಕೇಳುವಂತಿರಬೇಕು. ಶಿರಸಿಗೆ ರೈಲಿಲ್ಲ, ಅಲ್ಲಿಯವರು ಬಸ್ಸಿನಲ್ಲಿ ಹಾವೇರಿಗೆ ಬಂದು ಬೆಂಗಳೂರಿನ ರೈಲು ಹತ್ತುವುದು ವಾಡಿಕೆ. ಆ ರೈಲು ದಾವಣಗೆರೆ, ಅರಸೀಕೆರೆಗಳನ್ನು ದಾಟಿ ತಿಪಟೂರಿಗೆ ಬರುತ್ತದೆ. ಶಿರಸಿ ಅಡಿಕೆಯ ಊರು, ಅಲ್ಲಿಯ ಅಡಿಕೆಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ದೊರೆತಿದೆ. ತಿಪಟೂರು ತೆಂಗಿನ ಮತ್ತು ಕೊಬ್ಬರಿಯ ಊರು. ರಜೆ ಮುಗಿಸಿ ಬೆಂಗಳೂರಿಗೆ ಮರಳುವ ಇಬ್ಬರ ಚೀಲದಲ್ಲೂ ತಾಯಂದಿರು ತುಂಬಿಕೊಟ್ಟ ಊರಿನ ಬೆಳೆ ಇದ್ದೇ ಇರುತ್ತದೆ. ಇಷ್ಟು ತಿಳಿದರೆ ಕಥೆಯನ್ನು ಎಲ್ಲಿಂದಲೋ ತರಬೇಕಾಗಿಲ್ಲ.

ನಿರೂಪಕರ ದನಿಯಲ್ಲಿ ಅದು ಹೀಗೆ ಬರಬಹುದು: ‘ಭಾನುವಾರ ಸಂಜೆ. ಬೆಂಗಳೂರಿಗೆ ಹೊರಟ ರೈಲು. ಹಾವೇರಿಯಲ್ಲಿ ಹತ್ತಿದ ಚೀಲದಲ್ಲಿ ಶಿರಸಿಯ ಅಡಿಕೆ. ತಿಪಟೂರಿನಲ್ಲಿ ಹತ್ತಿದ ಚೀಲದಲ್ಲಿ ತೆಂಗಿನಕಾಯಿ. ಒಂದು ಕಾಯಿ ಉರುಳಿತು, ಅಡಿಕೆಯ ಚೀಲಕ್ಕೆ ತಾಗಿ ನಿಂತಿತು. “ಇದು ನಿಮ್ಮದಾ?” ಎಂದಳು ಹುಡುಗಿ. ಮುಂದಿನ ತಿಂಗಳು ತಿಪಟೂರಿನ ಹುಡುಗ ಹಾವೇರಿಯಲ್ಲೇ ರೈಲು ಹತ್ತಿದ! ಸುದ್ದಿ ಎರಡೂ ಮನೆ ಮುಟ್ಟಿತು. ಹಿರಿಯರು ಕೂತು ಮಾತಾಡಿದರು. ಈಗ ಅದೇ ಅಡಿಕೆ, ಅದೇ ತೆಂಗಿನಕಾಯಿ, ಒಂದೇ ತಾಂಬೂಲದ ತಟ್ಟೆಯಲ್ಲಿ.’

ಈ ಮಾತುಗಳಿಗೆ ಅರ್ಧ ನಿಮಿಷ ಸಾಕು. ನಗು ಬರುವ ಸ್ಥಳ ಒಂದೇ, ಹುಡುಗ ಹಾವೇರಿಯಲ್ಲಿ ಹತ್ತಿದನೆಂಬ ವಾಕ್ಯ. ತಿಪಟೂರಿನವನು ಬೆಂಗಳೂರಿಗೆ ಹೋಗಲು ಅದರ ವಿರುದ್ಧ ದಿಕ್ಕಿನಲ್ಲಿ ಅಷ್ಟು ದೂರ ಏಕೆ ಹೋದನೆಂದು ಆ ದಾರಿ ಬಲ್ಲವರಿಗೆ ಕೂಡಲೇ ಹೊಳೆಯುತ್ತದೆ, ಅರಿಯದವರಿಗಾಗಿ ಚಿತ್ರದಲ್ಲಿ ಒಂದು ರೈಲುಹಳಿಯ ಗೆರೆಯ ಮೇಲೆ ಮೂರು ಊರಿನ ಹೆಸರು ತೋರಿಸಿದರಾಯಿತು. ಆ ವಾಕ್ಯದ ಬಳಿಕ ಎರಡು ಸೆಕೆಂಡು ಮೌನ ಬೇಕೆಂದು ಸ್ಕ್ರಿಪ್ಟಿನಲ್ಲೇ ಬರೆದಿಡಬೇಕು, ಇಲ್ಲವಾದರೆ ಓದುವವರು ಅದನ್ನು ದಾಟಿ ಮುಂದೆ ಹೋಗಿಬಿಡುತ್ತಾರೆ. ಪ್ರೀತಿ ಎಂಬ ಪದ ಕಥೆಯಲ್ಲಿ ಎಲ್ಲಿಯೂ ಬಂದಿಲ್ಲ, ಬರಬೇಕಾದ ಅಗತ್ಯವೂ ಇಲ್ಲ. ಕಥೆಯ ಕೊನೆಯಲ್ಲಿ ಅಡಿಕೆ ಮತ್ತು ಕಾಯಿ ತಾಂಬೂಲದಲ್ಲಿ ಸೇರುವುದು ಕೇವಲ ಚಮತ್ಕಾರವಾಗಿ ನಿಲ್ಲುವುದಿಲ್ಲ, ಏಕೆಂದರೆ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿಗಳನ್ನು ಎರಡು ಮನೆಯವರು ಬದಲಿಸಿಕೊಳ್ಳುವ ನಿಶ್ಚಯತಾಂಬೂಲದಲ್ಲಿಯೇ ಮದುವೆ ಗಟ್ಟಿಯಾಗುವುದು. ತಮಾಷೆಯಾಗಿ ಹೊರಟ ಕಥೆ ಅಲ್ಲಿಗೆ ಬಂದಾಗ ಶಾಸ್ತ್ರದ ಅಂಗಳದಲ್ಲಿ ನಿಂತಿರುತ್ತದೆ, ಮುಂದಿನ ಹೆಸರು ಮತ್ತು ದಿನಾಂಕಗಳಿಗೆ ಬೇರೆ ಸೇತುವೆ ಕಟ್ಟಬೇಕಾಗಿಲ್ಲ.

ಕಥೆಯಾದ ತಕ್ಷಣ ‘ಗುರುಹಿರಿಯರು ನಿಶ್ಚಯಿಸಿದಂತೆ’ ಎಂಬ ಹಳೆಯ ಮಾತನ್ನು ಹಾಗೆಯೇ ಇಟ್ಟರೆ ಕೇಳುವವರಿಗೆ ಎಡವಿದಂತಾಗುತ್ತದೆ, ಜೋಡಿ ತಾನೇ ಮೆಚ್ಚಿಕೊಂಡದ್ದನ್ನು ಈಗಷ್ಟೇ ಹೇಳಿ ಮರುಗಳಿಗೆಯಲ್ಲಿ ಹಿರಿಯರು ಗೊತ್ತುಮಾಡಿದ್ದೆಂದರೆ ಎರಡೂ ಅರೆಮಾತಾಗುತ್ತವೆ. ಅದನ್ನು ತೆಗೆದುಹಾಕಿದರೆ ಹಿರಿಯರಿಗೆ ಬೇಸರ. ‘ಇಬ್ಬರ ಮನಸ್ಸನ್ನು ಅರಿತು ಎರಡೂ ಮನೆಯ ಹಿರಿಯರು ಈ ವಿವಾಹವನ್ನು ನಿಶ್ಚಯಿಸಿದ್ದಾರೆ’ ಎಂದರೆ ನಡೆದದ್ದನ್ನು ನಡೆದಂತೆಯೇ ಹೇಳಿದಂತಾಗುತ್ತದೆ.

ಹೆಸರುಗಳ ಭಾಗದಲ್ಲಿ ಅಚ್ಚಿನ ಸಂಕ್ಷೇಪಗಳು ಅಡ್ಡ ಬರುತ್ತವೆ. ಪತ್ರಿಕೆಯಲ್ಲಿ ‘ಚಿ॥ ಸೌ॥’ ಎಂದು ಅಚ್ಚಾದದ್ದನ್ನು ಕಣ್ಣು ಚಿರಂಜೀವಿ ಸೌಭಾಗ್ಯವತಿ ಎಂದೇ ಓದಿಕೊಳ್ಳುತ್ತದೆ, ಉತ್ತರದ ಕಡೆ ‘ಚಿ. ಕುಂ. ಸೌ.’ ಎಂದಿದ್ದರೆ ಕುಂಕುಮ ಎಂಬ ಪದವೂ ಸೇರುತ್ತದೆ, ‘ದಿ॥’ ಎಂದರೆ ದಿವಂಗತ. ಸ್ಟುಡಿಯೊದಲ್ಲಿ ಹಣ ಪಡೆದು ಓದಿಕೊಡುವ ಯುವಕನಿಗೆ ಇವು ಗೊತ್ತಿರಲೇಬೇಕೆಂದಿಲ್ಲ. ‘ಚಿ ಸೌ’ ಎಂದು ಎರಡು ಅಕ್ಷರವಾಗಿ ಓದಿದ ವಿಡಿಯೊಗಳೂ, ದಿವಂಗತದ ‘ದಿ’ಯನ್ನು ದಿನಾಂಕದ ‘ದಿ’ ಎಂದುಕೊಂಡ ವಿಡಿಯೊಗಳೂ ಆಗಿಬಿಡುವುದು ಹೀಗೆಯೇ. ಆದ್ದರಿಂದ ಓದುವ ಪ್ರತಿಯಲ್ಲಿ ಒಂದೂ ಸಂಕ್ಷೇಪವಿರಬಾರದು, ಅಂಕಿಗಳನ್ನೂ ಅಕ್ಷರದಲ್ಲಿ ಬರೆಯಬೇಕು, ಹೆಸರುಗಳ ಉಚ್ಚಾರದಲ್ಲಿ ಸಂದೇಹ ಬರುವಂತಿದ್ದರೆ ಮನೆಯವರು ಒಮ್ಮೆ ಹೇಳಿ ಧ್ವನಿಮುದ್ರಿಸಿ ಕಳುಹಿಸಬೇಕು. ತಂದೆತಾಯಿಗಳ ಹೆಸರು ದನಿಯಲ್ಲಿಯೂ ತೆರೆಯಲ್ಲಿಯೂ ಬರಲಿ. ಚಿಕ್ಕಪ್ಪ, ದೊಡ್ಡಪ್ಪ, ಸೋದರಮಾವಂದಿರ ಹೆಸರುಗಳ ಉದ್ದ ಪಟ್ಟಿಗೆ ವಿಡಿಯೊದಲ್ಲಿ ಜಾಗವಿಲ್ಲ. ಅವರಲ್ಲಿ ಯಾರನ್ನಾದರೂ ಒಬ್ಬರನ್ನು ಸೇರಿಸಿ ಇನ್ನೊಬ್ಬರನ್ನು ಬಿಡುವುದಕ್ಕಿಂತ ಎಲ್ಲರನ್ನೂ ಅಚ್ಚಿನ ಪತ್ರಿಕೆಗೆ ಉಳಿಸಿಕೊಳ್ಳುವುದು ಕ್ಷೇಮ.

ದಿನವನ್ನು ಹೇಳುವ ಭಾಗದಲ್ಲಿ ಎರಡು ಕಾಲಗಣನೆಗಳು ಎದುರಾಗುತ್ತವೆ. ಈ ಮದುವೆಯ ದಿನ ಪಂಚಾಂಗದ ಪ್ರಕಾರ ಶಾಲಿವಾಹನ ಶಕ 1948ರ ಪರಾಭವ ನಾಮ ಸಂವತ್ಸರ, ಉತ್ತರಾಯಣ, ವಸಂತ ಋತು, ವೈಶಾಖ ಶುಕ್ಲ ದಶಮಿ, ಮಘಾ ನಕ್ಷತ್ರ. ಪರಾಭವ ಎಂದರೆ ಸೋಲು ಎಂಬ ಅರ್ಥ ಬರುವುದರಿಂದ ಮಂಗಳಕಾರ್ಯದ ವಿಡಿಯೊದಲ್ಲಿ ಆ ಪದವನ್ನು ಗಟ್ಟಿಯಾಗಿ ಆಡಲು ಕೆಲವರು ಅಳುಕುತ್ತಾರೆ; ಆದರೆ ಅದು ಅರವತ್ತು ಸಂವತ್ಸರಗಳ ಚಕ್ರದಲ್ಲಿ ನಲವತ್ತನೆಯದರ ಹೆಸರು ಮಾತ್ರ, ಅದನ್ನು ‘ಶ್ರೀ’ಕಾರದೊಡನೆ ಹೇಳುವುದು ಪದ್ಧತಿ, ಮತ್ತು ಬದಲಿಸಿ ಹೇಳುವ ಅಧಿಕಾರ ಯಾರಿಗೂ ಇಲ್ಲ. ಲಗ್ನವೆಂದರೆ ಆ ಹೊತ್ತಿಗೆ ಪೂರ್ವದಿಗಂತದಲ್ಲಿ ಉದಯಿಸುತ್ತಿರುವ ರಾಶಿ. ಒಂದು ರಾಶಿ ಸುಮಾರು ಎರಡು ಗಂಟೆಯ ಕಾಲ ಉದಯಿಸುತ್ತದೆ. ಏಪ್ರಿಲ್ ಕೊನೆಯಲ್ಲಿ ಸೂರ್ಯ ಮೇಷದಲ್ಲಿರುವುದರಿಂದ ಬೆಳಗಿನ ಮೇಷ ಮತ್ತು ವೃಷಭ ಕಳೆದು ಒಂಬತ್ತರ ಬಳಿಕ ಮಿಥುನ ಲಗ್ನ ಬರುತ್ತದೆ, ಹನ್ನೊಂದು ದಾಟುವವರೆಗೆ ಇರುತ್ತದೆ. ಆ ಅವಧಿಯೊಳಗೆ ಹತ್ತೂಕಾಲಕ್ಕೆ ಧಾರೆಯೆಂದು ಪುರೋಹಿತರು ಗೊತ್ತುಮಾಡಿದ್ದಾರೆಂದು ಇಟ್ಟುಕೊಳ್ಳಬಹುದು. ಬರುವವರಿಗೆ ಬೇಕಾದ ತಿಳಿವಳಿಕೆ ಆ ಹತ್ತೂಕಾಲು.

ಹಾಗಿದ್ದ ಮಾತ್ರಕ್ಕೆ ಪಂಚಾಂಗದ ಸಾಲನ್ನು ಬಿಡಬೇಕಾಗಿಲ್ಲ, ಅದು ಕರೆಗೆ ಗಾಂಭೀರ್ಯ ತರುತ್ತದೆ. ಅದನ್ನು ತೆರೆಯ ಮೇಲ್ಭಾಗದಲ್ಲಿ ಅಕ್ಷರವಾಗಿ ನಿಲ್ಲಿಸಿ, ದನಿಯಲ್ಲಿ ಆಡುಮಾತಿನ ದಿನಾಂಕವನ್ನಷ್ಟೇ ಹೇಳಿಸುವುದು ಉಚಿತ: ‘ಏಪ್ರಿಲ್ ಇಪ್ಪತ್ತಾರು, ಭಾನುವಾರ. ಬೆಳಿಗ್ಗೆ ಹತ್ತೂಕಾಲಕ್ಕೆ ಧಾರೆ, ಶಿರಸಿಯಲ್ಲಿ. ಇಪ್ಪತ್ತೊಂಬತ್ತು, ಬುಧವಾರ. ಸಂಜೆ ಆರೂವರೆಗೆ ಆರತಕ್ಷತೆ, ತಿಪಟೂರಿನಲ್ಲಿ.’ ಇಪ್ಪತ್ತಾರು, ಇಪ್ಪತ್ತೊಂಬತ್ತು ಎಂಬವು ಕಿವಿಗೆ ಒಂದೇ ಬಗೆಯಲ್ಲಿ ಆರಂಭವಾಗುವುದರಿಂದ ವಾರದ ಹೆಸರನ್ನು ಬಿಡಲೇಬಾರದು, ಮತ್ತು ಎರಡು ಸಮಾರಂಭಗಳಿಗೆ ಎರಡು ಬೇರೆ ತೆರೆಗಳಿರಬೇಕು. ಒಂದೇ ತೆರೆಯಲ್ಲಿ ಎರಡನ್ನೂ ತುಂಬಿದರೆ ಬುಧವಾರ ಶಿರಸಿಗೆ ಹೊರಟುಬಿಡುವವರಿರುತ್ತಾರೆ. ದಿನಾಂಕದ ತೆರೆ ಎಷ್ಟು ಹೊತ್ತು ನಿಲ್ಲಬೇಕೆಂಬುದಕ್ಕೆ ಸರಳ ಅಳತೆಯಿದೆ: ಅದರಲ್ಲಿರುವುದನ್ನು ಗಟ್ಟಿಯಾಗಿ ಎರಡು ಸಲ ಓದಿ ಮುಗಿಸುವಷ್ಟು. ಆ ಹೊತ್ತಿನಲ್ಲಿ ಹಿಂದೆ ಹೂವು ಉದುರಿಸುವ, ಅಕ್ಷರಗಳನ್ನು ತಿರುಗಿಸುವ ಅಲಂಕಾರಗಳನ್ನೆಲ್ಲ ನಿಲ್ಲಿಸಬೇಕು.

ತೆರೆಯ ಮೇಲಿನ ಕನ್ನಡ ಅಕ್ಷರಗಳೇ ಒಂದು ಪ್ರತ್ಯೇಕ ಸಂಕಟ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಗುಡಿಸು ಮೇಲಕ್ಕೇರುತ್ತದೆ. ರೋಮನ್ ಅಕ್ಷರಗಳ ಅಳತೆಗೆ ಸಾಲುಗಳ ನಡುವಿನ ಅಂತರ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ ‘ಲಕ್ಷ್ಮೀ’ಯಂಥ ಹೆಸರುಗಳು ಗುರುತು ಸಿಗದಂತಾಗುತ್ತವೆ. ಭಾರತೀಯ ಲಿಪಿಗಳನ್ನು ಜೋಡಿಸುವ ಏರ್ಪಾಡು ಸರಿಯಾಗಿಲ್ಲದ ವಿಡಿಯೊ ತಂತ್ರಾಂಶದಲ್ಲಿ ಒತ್ತಕ್ಷರ ಒಡೆದು, ‘ಶ್ರೀ’ ಎಂಬುದು ಅರ್ಧ ಶಕಾರ ಮತ್ತು ಪೂರ್ತಿ ‘ರೀ’ ಎಂದು ಎರಡು ತುಂಡಾಗಿ ಕಾಣುತ್ತದೆ. ನುಡಿ ಅಥವಾ ಬರಹದ ಹಳೆಯ ಅಕ್ಷರಶೈಲಿಗಳಲ್ಲಿ ಮುದ್ರಣಾಲಯದವರು ಮಾಡಿಕೊಟ್ಟ ಪಠ್ಯವನ್ನು ನೇರವಾಗಿ ತಂದು ಹಾಕಿದರೆ ಕನ್ನಡದ ಬದಲು ರೋಮನ್ ಅಕ್ಷರ ಮತ್ತು ಚಿಹ್ನೆಗಳ ರಾಶಿ ಬರುತ್ತದೆ, ಏಕೆಂದರೆ ಆ ಅಕ್ಷರಶೈಲಿಗಳು ಯೂನಿಕೋಡ್ ಎಂಬ ಸಾರ್ವತ್ರಿಕ ಸಂಕೇತ ಪದ್ಧತಿಗಿಂತ ಬೇರೆಯಾದ ಸಂಕೇತಗಳನ್ನು ಬಳಸಿದ್ದವು. ಸ್ಕ್ರಿಪ್ಟನ್ನು ಮೊಬೈಲಿನಲ್ಲಿಯೇ ಟೈಪು ಮಾಡಿ ಕೊಟ್ಟರೆ ಈ ಕಡೆಯ ತೊಂದರೆ ತಪ್ಪುತ್ತದೆ. ಉಳಿದದ್ದಕ್ಕೆ ಪರಿಹಾರವೆಂದರೆ ದಿನಾಂಕದ ತೆರೆಗಳನ್ನು ಕನ್ನಡ ಸರಿಯಾಗಿ ಮೂಡುವ ಬೇರೆಡೆ ಚಿತ್ರವಾಗಿ ತಯಾರಿಸಿ, ಆ ಚಿತ್ರಗಳನ್ನು ವಿಡಿಯೊದಲ್ಲಿ ಕೂರಿಸುವುದು.

ಮೊಬೈಲನ್ನು ನೆಟ್ಟಗೆ ಹಿಡಿದು ನೋಡುವುದರಿಂದ ವಿಡಿಯೊ ನಿಲುವಾದ ಆಕಾರದಲ್ಲಿರಬೇಕು, ಅಗಲ 1080, ಎತ್ತರ 1920 ಬಿಂದುಗಳ ಅಳತೆ ಈಗ ರೂಢಿಯಲ್ಲಿದೆ. ವಾಟ್ಸ್‌ಆ್ಯಪಿನಲ್ಲಿ ಕಳುಹಿಸುವಾಗ ವಿಡಿಯೊ ಕುಗ್ಗಿ ಅಂಚುಗಳು ಮಸುಕಾಗುತ್ತವೆ, ಸಣ್ಣ ಅಕ್ಷರಗಳ ಒತ್ತುಗಳಿಗೇ ಮೊದಲ ಪೆಟ್ಟು. ಚಿನ್ನದ ಬಣ್ಣದ ತೆಳು ಅಕ್ಷರವನ್ನು ಕೆಂಪು ರೇಷ್ಮೆಯ ಹಿನ್ನೆಲೆಯಲ್ಲಿ ಇಡುವ ಮೋಹವನ್ನು ದಿನಾಂಕದ ಮಟ್ಟಿಗಾದರೂ ಬಿಡಬೇಕು. ಮಂಟಪದ ದಾರಿಯ ನಕ್ಷೆಯನ್ನು ವಿಡಿಯೊದೊಳಗೆ ತೋರಿಸಿದರೆ ಅದನ್ನು ಒತ್ತಿ ತೆರೆಯಲಾಗುವುದಿಲ್ಲ. ನಕ್ಷೆಯ ಕೊಂಡಿ, ದಿನಾಂಕ, ಫೋನ್ ಸಂಖ್ಯೆ, ತಿಪಟೂರಿನಿಂದ ಹಿಂದಿನ ರಾತ್ರಿ ಹೊರಡುವ ಬಸ್ಸಿನ ವಿವರ ಇವೆಲ್ಲ ವಿಡಿಯೊದ ಕೆಳಗಿನ ಸಂದೇಶದಲ್ಲಿ ಅಕ್ಷರವಾಗಿ ಇರಬೇಕು, ಆಗ ಮದುವೆಯ ಹಿಂದಿನ ದಿನ ಹುಡುಕಿದವರಿಗೆ ಅದು ಸಿಗುತ್ತದೆ.

ಅಚ್ಚಿನ ಪತ್ರಿಕೆಗೆ ಕರಡು ತಿದ್ದುವ ಶಿಸ್ತಿತ್ತು, ಮೂರು ಜನ ನೋಡಿ ಸಹಿ ಹಾಕಿದ ಮೇಲೆಯೇ ಯಂತ್ರಕ್ಕೆ ಹೋಗುತ್ತಿತ್ತು. ವಿಡಿಯೊವನ್ನು ಸುಲಭವಾಗಿ ತಿದ್ದಬಹುದೆಂಬ ನಂಬಿಕೆಯಿಂದ ಆ ಶಿಸ್ತು ಸಡಿಲವಾಗಿದೆ, ಆದರೆ ಒಮ್ಮೆ ಕೈಬಿಟ್ಟ ವಿಡಿಯೊವನ್ನು ಹಿಂದಕ್ಕೆ ಕರೆಯಲು ಬರುವುದಿಲ್ಲ. ತಿದ್ದಿದ ಪ್ರತಿ ಕಳುಹಿಸಿದ ಮೇಲೂ ತಪ್ಪು ಪ್ರತಿ ಬಳಗದಿಂದ ಬಳಗಕ್ಕೆ ಸಾಗುತ್ತಲೇ ಇರುತ್ತದೆ. ಕಳುಹಿಸುವ ಮುನ್ನ ಮಾಡಬೇಕಾದ ಪರೀಕ್ಷೆ ಹೀಗಿದೆ. ಮನೆಯ ಅತ್ಯಂತ ಹಳೆಯ, ಚಿಕ್ಕ ಮೊಬೈಲಿಗೆ ಅದನ್ನು ವಾಟ್ಸ್‌ಆ್ಯಪಿನಲ್ಲಿಯೇ ಕಳುಹಿಸಿ, ಮದುವೆಯ ದಿನ ಗೊತ್ತಿಲ್ಲದ ಒಬ್ಬ ನೆರೆಯವರಿಗೆ ದನಿಯಿಲ್ಲದೆ ತೋರಿಸಬೇಕು; ಇನ್ನೊಬ್ಬರಿಗೆ ತೆರೆ ಕಾಣದಂತೆ ಮಗುಚಿಟ್ಟು ದನಿಯನ್ನು ಮಾತ್ರ ಕೇಳಿಸಬೇಕು. ಮುಗಿದ ಮೇಲೆ ಇಬ್ಬರನ್ನೂ ಯಾವ ದಿನ, ಯಾವ ಊರು, ಎಷ್ಟು ಗಂಟೆ ಎಂದು ಕೇಳಿದಾಗ ಇಬ್ಬರೂ ಒಂದೇ ಉತ್ತರ ಕೊಟ್ಟರೆ ಸ್ಕ್ರಿಪ್ಟು ತನ್ನ ಕೆಲಸ ಮಾಡಿದೆ. ದನಿಯಿಲ್ಲದೆ ನೋಡಿದವರಿಗೆ ಕಥೆ ತಿಳಿಯದಿದ್ದರೆ ಚಿಂತೆಯಿಲ್ಲ, ದಿನ ತಪ್ಪಬಾರದು.

ಉಳಿದದ್ದು ಕೊನೆಯ ಏಳು ಸೆಕೆಂಡು. ಹಲವು ವಿಡಿಯೊಗಳು ಇಲ್ಲಿ ‘ಆಶೀರ್ವಾದವೇ ಉಡುಗೊರೆ’ ಎಂಬ ಬರಹ ತೋರಿಸಿ ವಾದ್ಯದೊಂದಿಗೆ ಮುಗಿಯುತ್ತವೆ; ಬರಹ ಇರಲಿ, ಆದರೆ ದನಿ ಇಲ್ಲಿ ನಿರೂಪಕರದಾಗಿರಬಾರದು. ಅಜ್ಜಿ ಮತ್ತು ಅಜ್ಜನ ಧ್ವನಿಮುದ್ರಣದಲ್ಲಿ ಬಳಸದೆ ಉಳಿದ ತುಣುಕುಗಳಿರುತ್ತವೆ, ಮಾತು ಮುಗಿಯಿತೆಂದು ತಿಳಿದು ಮೊಬೈಲನ್ನು ಮರೆತಾಗ ಆಡಿದ ಮಾತುಗಳು ಬಹುಮಟ್ಟಿಗೆ ಅಲ್ಲಿಯೇ ಸಿಗುತ್ತವೆ. ಮಂಗಳವಾದ್ಯ ತಗ್ಗಿ, ತಟ್ಟೆಯಲ್ಲಿ ಅಡಿಕೆಯ ಪಕ್ಕ ತೆಂಗಿನಕಾಯಿ ಕಾಣುತ್ತಿರುವಾಗ, ಶಿರಸಿಯ ಅಜ್ಜಿ ಪಕ್ಕದಲ್ಲಿದ್ದ ಯಾರಿಗೋ ‘ದೂರದಿಂದ ಬರುವವರು ಊಟ ಮಾಡದೆ ಹೋಗಬಾರದು, ಹಾಗೆಂದು ಹೇಳು’ ಎಂದದ್ದು ಅಲ್ಲಿದ್ದರೆ ಅದನ್ನೇ ಇಟ್ಟು ವಿಡಿಯೊವನ್ನು ನಿಲ್ಲಿಸಬೇಕು.